ಮೂವತ್ತೆರಡು ಮೀಟರ್ ಹೆಡ್‌ನ ಪಂಪನ್ನು ಇಪ್ಪತ್ತಕ್ಕೆ ಇಳಿಸಿದ ನನ್ನ ಅನುಭವ

ಕಲಬುರಗಿಯ ನಾಲ್ಕು ಅಂತಸ್ತಿನ ಕಟ್ಟಡವೊಂದರಲ್ಲಿ 120 ಟನ್‌ನ ಚಿಲ್ಲರ್ ನೆಲಮಾಳಿಗೆಯಲ್ಲಿದೆ, ಕೂಲಿಂಗ್ ಟವರ್ ತಾರಸಿಯ ಮೇಲಿದೆ. ಕಂಡೆನ್ಸರ್ ನೀರಿಗೆಂದು ಹಿಂದಿನ ಗುತ್ತಿಗೆದಾರರು ಗಂಟೆಗೆ ಸುಮಾರು 82 ಘನ ಮೀಟರ್, 32 ಮೀಟರ್ ಹೆಡ್‌ನ 15 ಎಚ್‌ಪಿ ಪಂಪ್ ಕೂಡಿಸಿದ್ದರು. ಹೆಡ್ ಎಂದರೆ ಪಂಪಿನ ಒತ್ತಡವನ್ನು ನೀರಿನ ಕಂಬದ ಎತ್ತರದಲ್ಲಿ ಹೇಳುವ ಅಳತೆ. ಡಿಸ್ಚಾರ್ಜ್ ವಾಲ್ವನ್ನು ಪೂರ್ತಿ ತೆರೆದರೆ ಮೋಟಾರ್ ಓವರ್‌ಲೋಡ್‌ನಲ್ಲಿ ಟ್ರಿಪ್ ಆಗುತ್ತಿದ್ದುದರಿಂದ ಅದನ್ನು ಸದಾ ಅರೆಮುಚ್ಚಿಯೇ ಇಡುತ್ತಿದ್ದರು. ಸ್ಟ್ರೇನರ್‌ನ ಜಾಲರಿ ಬದಲಾಯಿಸಲು, ಮೋಟಾರ್ ರಿವೈಂಡ್ ಮಾಡಿಸಲು ಹಣ ಸುರಿದರೂ ಫಲ ಸಿಕ್ಕಿರಲಿಲ್ಲ.

ಒಂದೇ ಗೇಜನ್ನು ಎಲ್ಲ ಟ್ಯಾಪಿಂಗ್‌ಗಳಿಗೂ ಸರದಿಯಂತೆ ಹಾಕಿ ಅಳೆದೆ. ಬೇರೆ ಬೇರೆ ಗೇಜ್‌ಗಳನ್ನು ಹಾಕಿದರೆ ಅವುಗಳ ದೋಷವೇ ಒತ್ತಡದ ಇಳಿತದಂತೆ ಕಾಣುತ್ತದೆ. ಅರೆಮುಚ್ಚಿದ ಆ ಒಂದು ವಾಲ್ವ್ ಮಾತ್ರವೇ ಚದರ ಸೆಂಟಿಮೀಟರಿಗೆ ಸುಮಾರು 1.4 ಕೆಜಿ ಒತ್ತಡ, ಅಂದರೆ 14 ಮೀಟರ್ ಹೆಡ್ ನುಂಗುತ್ತಿತ್ತು. ಉಳಿದದ್ದನ್ನು ಕೂಡಿಸಿದಾಗ ಕಂಡೆನ್ಸರ್‌ಗೆ 6 ಮೀಟರ್, ಆರು ಇಂಚಿನ ಪೈಪು ಮತ್ತು ಬೆಂಡ್‌ಗಳಿಗೆ 3, ಸ್ಟ್ರೇನರ್ ಮತ್ತು ಇತರ ವಾಲ್ವ್‌ಗಳಿಗೆ ಎರಡೂವರೆ, ಟವರ್‌ನ ನಾಝಲ್‌ಗೆ ಎರಡೂವರೆ, ಟವರ್‌ನ ತಳದ ಬೇಸಿನ್‌ನ ನೀರಿನ ಮಟ್ಟದಿಂದ ನಾಝಲ್‌ವರೆಗಿನ ಏರಿಗೆ ಮೂರೂವರೆ, ಒಟ್ಟು ಹದಿನೇಳೂವರೆ ಮೀಟರ್ ಆಯಿತು.

"ಅಷ್ಟು ಸಣ್ಣ ಪಂಪು ನಾಲ್ಕು ಮಾಳಿಗೆ ಮ್ಯಾಲೆ ನೀರು ಒಯ್ತದೇನ್ರೀ?" ಎಂದು ಮೇಲ್ವಿಚಾರಕರು ಕೇಳಿದರು. ಅನುಭವಿ ಎಂಜಿನಿಯರರೂ ಅನುಮಾನಪಟ್ಟರು. ಆದರೆ ಬಾವಿಯ ರಾಟೆಗೆ ಎರಡು ಕಡೆ ಕೊಡ ಕಟ್ಟಿದಂತೆ, ಬೇಸಿನ್‌ನಿಂದ ಇಳಿಯುವ ನೀರಿನ ಕಂಬ ಏರುವ ಕಂಬವನ್ನು ಸರಿದೂಗಿಸುತ್ತದೆ; ಲೂಪು ತುಂಬಿರುವವರೆಗೆ ಕಟ್ಟಡದ ಎತ್ತರ ಲೆಕ್ಕಕ್ಕೆ ಬರುವುದಿಲ್ಲ.

ಮಾತಿನಿಂದ ಒಪ್ಪಿಸುವ ಬದಲು, ಮೋಟಾರಿನ ವೇಗ ಬದಲಿಸುವ ವಿಎಫ್‌ಡಿಯನ್ನು ಬಾಡಿಗೆಗೆ ತಂದು ಹಳೆಯ ಪಂಪಿಗೇ ಜೋಡಿಸಿದೆ. ವಾಲ್ವನ್ನು ಪೂರ್ತಿ ತೆರೆದು ವೇಗ ಇಳಿಸುತ್ತ ಬಂದಾಗ, 40 ಹರ್ಟ್ಜ್‌ನ ಆಸುಪಾಸಿನಲ್ಲಿ ಕಂಡೆನ್ಸರ್‌ನ ಎರಡು ತುದಿಗಳ ನಡುವೆ ಮೊದಲಿನಷ್ಟೇ 0.6 ಕೆಜಿ ವ್ಯತ್ಯಾಸ ಕಂಡಿತು. ಈ ವ್ಯತ್ಯಾಸ ಹರಿವಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಅದು ಅಷ್ಟೇ ಇದ್ದರೆ ಹರಿವೂ ಅಷ್ಟೇ ಇದೆ ಎಂದರ್ಥ. ಆದರೆ ಕಂಡೆನ್ಸರ್ ಸ್ವಚ್ಛವಾಗಿರದಿದ್ದರೆ ಅದನ್ನು ಕಂಪನಿಯ ಪಟ್ಟಿಗೆ ಹೋಲಿಸಿ ಹರಿವು ಕಂಡುಕೊಳ್ಳಲಾಗದು. ನಮ್ಮ ಕಡೆಯ ಗಡಸು ಬೋರ್ ನೀರು ಟ್ಯೂಬಿನೊಳಗೆ ಸುಣ್ಣ ಕಟ್ಟುವುದರಿಂದ ಮೊದಲೇ ಟ್ಯೂಬ್‌ಗಳನ್ನು ಬ್ರಶ್ ಮಾಡಿಸಿದ್ದೆ. ಬ್ರಶ್‌ಗೂ ಮೊದಲು ಯಾವ ದ್ರಾವಣ, ಎಷ್ಟು ಹೊತ್ತು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಳಬರುವ ಮತ್ತು ಹೊರಹೋಗುವ ನೀರಿನ ಉಷ್ಣತೆಯ ಅಂತರವೂ ಐದೂವರೆ ಡಿಗ್ರಿಯ ಹತ್ತಿರವೇ ಇದ್ದದ್ದು ನನಗೆ ಎರಡನೆಯ ಸಾಕ್ಷಿಯಾಯಿತು.

ಆ ಬಳಿಕ ಅದೇ ಹರಿವಿಗೆ 20 ಮೀಟರ್ ಹೆಡ್‌ನ 10 ಎಚ್‌ಪಿ ಪಂಪ್ ತರಿಸಿದೆವು. ಮುಂದೆ ಸುಣ್ಣ ಕಟ್ಟಿ ಇಳಿತ ಹೆಚ್ಚುತ್ತದೆಂದು ಎರಡೂವರೆ ಮೀಟರ್ ಮಾತ್ರ ಹೆಚ್ಚುವರಿಯಾಗಿ ಇಟ್ಟೆ. ಕರ್ವ್ ನೋಡುವಾಗ ನಮ್ಮ ಹರಿವು ಅತ್ಯುತ್ತಮ ದಕ್ಷತೆಯ ಬಿಂದುವಿನ ಸ್ವಲ್ಪ ಎಡಕ್ಕೆ ಬೀಳುವ ಇಂಪೆಲ್ಲರನ್ನೇ ಆರಿಸಿದೆ, ಏಕೆಂದರೆ ನಿಜವಾದ ಇಳಿತ ಲೆಕ್ಕಕ್ಕಿಂತ ಕಡಿಮೆಯಾದರೆ ಪಂಪ್ ಬಲಕ್ಕೆ, ಆ ಬಿಂದುವಿನತ್ತಲೇ ಸರಿಯುತ್ತದೆ. ಫೌಂಡೇಶನ್ ಸೇರಿ ಒಂದು ಲಕ್ಷ ಹತ್ತು ಸಾವಿರದ ಆಸುಪಾಸು ಖರ್ಚಾಯಿತು. ವಿದ್ಯುತ್ ಸೆಳೆತ ಹನ್ನೊಂದು ಕಿಲೋವ್ಯಾಟ್‌ನಿಂದ ಏಳಕ್ಕೆ ಇಳಿದಿದ್ದು, ದಿನಕ್ಕೆ ಹದಿನಾಲ್ಕು ಗಂಟೆ ಓಡುವ ಲೆಕ್ಕದಲ್ಲಿ ಆ ಹಣ ಒಂದು ವರ್ಷದೊಳಗೆ ಜೆಸ್ಕಾಂ ಬಿಲ್ಲಿನಲ್ಲೇ ಮರಳುತ್ತದೆ. ಕಳೆದ ಮೇ ತಿಂಗಳ ಬಿಸಿಲಿನಲ್ಲೂ ಆ ಮೋಟಾರ್ ಟ್ರಿಪ್ ಆಗಲಿಲ್ಲ.