ಗೃಹಸಾಲ ಬೇರೆ ಬ್ಯಾಂಕಿಗೆ: ಮೊದಲು ಲೆಕ್ಕ, ಆಮೇಲೆ ಅರ್ಜಿ

‘ನಮ್ಮಲ್ಲಿ ಬಡ್ಡಿ ಮುಕ್ಕಾಲು ಪರ್ಸೆಂಟ್ ಕಡಿಮೆ ಸರ್, ಇಎಂಐ ಐದು ಸಾವಿರ ಇಳಿಯುತ್ತೆ’ ಎಂದು ಫೋನ್ ಬಂದರೆ ಕೂಡಲೇ ಹೂಂ ಅನ್ನಬೇಡಿ. ಕ್ಯಾಲ್ಕುಲೇಟರ್ ತೆಗೆಯಿರಿ.

ನಿಮ್ಮ ಬಾಕಿ ಸಾಲ 30 ಲಕ್ಷ, ಉಳಿದ ಅವಧಿ 15 ವರ್ಷ, ಬಡ್ಡಿ 9.25% ಎಂದುಕೊಳ್ಳೋಣ. ಈಗಿನ ಇಎಂಐ ಸುಮಾರು 30,876 ರೂಪಾಯಿ. ಅದೇ 15 ವರ್ಷಕ್ಕೆ 8.5% ಆದರೆ 29,542. ತಿಂಗಳಿಗೆ 1,334 ಉಳಿತಾಯ, ಅಷ್ಟೇ. ಹಾಗಾದರೆ ಫೋನಿನವರು ಹೇಳಿದ ಐದು ಸಾವಿರ ಎಲ್ಲಿಂದ ಬಂತು? ಅವರು ಅವಧಿಯನ್ನು ಸುಮ್ನೆ 20 ವರ್ಷಕ್ಕೆ ಎಳೆದಿರುತ್ತಾರೆ. ಆಗ ಇಎಂಐ 26,035ಕ್ಕೆ ಇಳಿಯುತ್ತದೆ, ನಿಜ. ಆದರೆ ಕೊನೆಗೆ ಕಟ್ಟುವ ಒಟ್ಟು ಹಣ ಹಳೇ ಸಾಲಕ್ಕಿಂತ ಸುಮಾರು 6.9 ಲಕ್ಷ ಜಾಸ್ತಿ! ಬಡ್ಡಿ ಇಳಿದೂ ನಷ್ಟ.

ಇನ್ನು ಖರ್ಚು. ಫ್ಲೋಟಿಂಗ್ ದರದ ಗೃಹಸಾಲವನ್ನು ವೈಯಕ್ತಿಕವಾಗಿ ಪಡೆದವರು ಮೊದಲೇ ತೀರಿಸಿದರೆ ಹಳೇ ಬ್ಯಾಂಕ್ ದಂಡ ಹಾಕುವಂತಿಲ್ಲ. ಹೊಸ ಕಡೆ ಮಾತ್ರ ಪ್ರೊಸೆಸಿಂಗ್ ಫೀ, ಅದರ ಮೇಲೆ ಜಿಎಸ್‌ಟಿ, ವಕೀಲರ ಮತ್ತು ಮೌಲ್ಯಮಾಪನದ ಫೀ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಂಒಡಿಗೆ, ಅಂದರೆ ಮನೆ ಪತ್ರಗಳನ್ನು ಬ್ಯಾಂಕಿಗೆ ಅಡವಿಟ್ಟ ದಾಖಲೆಗೆ, ಸ್ಟ್ಯಾಂಪ್ ಡ್ಯೂಟಿ ಬರುತ್ತವೆ. ‘ಪ್ರೊಸೆಸಿಂಗ್ ಫೀ ಇಲ್ಲ’ ಅಂದರೂ ಎಂಒಡಿ ಖರ್ಚು ತಪ್ಪುವುದಿಲ್ಲ. ಎಲ್ಲ ಸೇರಿ 35,000 ಆದರೆ ಅದು ವಾಪಸ್ ಬರಲು 26 ತಿಂಗಳು ಬೇಕು. 15 ವರ್ಷ ಬಾಕಿ ಇದ್ದರೆ ಪರವಾಗಿಲ್ಲ. ಬಾಕಿ 8 ಲಕ್ಷ, ಉಳಿದಿರುವುದು 4 ವರ್ಷ ಅಂದರೆ? ಅದೇ ಮುಕ್ಕಾಲು ಪರ್ಸೆಂಟಿಗೆ ಒಟ್ಟು ಉಳಿಯುವುದು ಸುಮಾರು 13,700. ಖರ್ಚಿಗೇ ಸರಿಹೋಗುತ್ತದೆ. ಬಿಟ್ಟುಬಿಡಿ.

ಲೆಕ್ಕ ಕೂಡಿಬಂದರೂ ಮೊದಲು ಹೋಗಬೇಕಾದದ್ದು ನಿಮ್ಮದೇ ಬ್ಯಾಂಕಿಗೆ. ಹೊಸ ಗ್ರಾಹಕರಿಗೆ ಕೊಡುವ ದರವನ್ನೇ ನನಗೂ ಕೊಡಿ ಎಂದು ಬರೆದು ಕೊಡಿ. ಸಣ್ಣ ಕನ್ವರ್ಷನ್ ಫೀ ಕಟ್ಟಿಸಿಕೊಂಡು ಎಷ್ಟೋ ಸಲ ಇಳಿಸುತ್ತಾರೆ. ಆಗ ಓಡಾಟವೇ ಇಲ್ಲ.

ಒಪ್ಪದಿದ್ದರೆ ಹಳೇ ಬ್ಯಾಂಕಿನಿಂದ ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕೆಂದು ತಿಳಿಸುವ ಫೋರ್‌ಕ್ಲೋಷರ್ ಲೆಟರ್ ಮತ್ತು ಅವರ ಬಳಿ ಇರುವ ಪತ್ರಗಳ ಪಟ್ಟಿ ಕೇಳಿ ಪಡೆಯಿರಿ. ಹೊಸ ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ ಮೊದಲು ನೋಡಬೇಕಾದದ್ದು ತಿಂಗಳುಗಳ ಸಂಖ್ಯೆ. 180 ಇರಲಿ, 240 ಅಲ್ಲ. ಇನ್ನೂ ಒಳ್ಳೆಯದೆಂದರೆ ಹಳೇ ಇಎಂಐಯನ್ನೇ ಮುಂದುವರಿಸಿ ಎಂದು ಕೇಳುವುದು. ನಮ್ಮ ಉದಾಹರಣೆಯಲ್ಲಿ ಸಾಲ ಸುಮಾರು 15 ತಿಂಗಳು ಮೊದಲೇ ತೀರುತ್ತದೆ, ಉಳಿತಾಯ 4.6 ಲಕ್ಷದಷ್ಟು.

ಹೊಸ ಬ್ಯಾಂಕಿನ ಚೆಕ್ ಹಳೇ ಬ್ಯಾಂಕಿನ ಹೆಸರಿಗೇ ಹೋಗುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಹಳೇ ಬ್ಯಾಂಕ್ ಮನೆಯ ಮೂಲ ಪತ್ರ ಬಿಟ್ಟುಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ಬ್ಯಾಂಕ್ ದಿನಕ್ಕೆ 5,000 ರೂಪಾಯಿ ಕೊಡಬೇಕು, ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಹಳೇ ಎಂಒಡಿ ರದ್ದು ಮಾಡಿಸಲು ಮರೆಯಬೇಡಿ. ಒಂದು ತಿಂಗಳ ನಂತರ ಆಸ್ತಿ ಮೇಲಿನ ಋಣಭಾರ ತೋರಿಸುವ ಇ.ಸಿ. ತೆಗೆಸಿ ನೋಡಿ. ಹಳೇ ಬ್ಯಾಂಕಿನ ಹೆಸರು ಅದರಲ್ಲಿ ಇನ್ನೂ ಸಾಲದಾತ ಎಂದೇ ಇದ್ದರೆ ಮನೆ ಮಾರುವ ದಿನ ಅದೇ ತಕರಾರಾಗುತ್ತದೆ.