ಜಬರ್-ಜೇರ್ ಇಲ್ಲದ ಪುಟ: ಅರಬಿ ಓದಿನಲ್ಲಿ ನನ್ನ ಅನುಭವ

ಭಟ್ಕಳದ ಕಡೆ ಮಕ್ತಬಿನಲ್ಲಿ ಕಲಿತವರಿಗೆ ಅರಬಿ ಅಕ್ಷರ ಹೊಸದಲ್ಲ. ಜಬರ್, ಜೇರ್, ಪೇಶ್ ಎಂಬ ಸ್ವರಚಿಹ್ನೆ ಹಾಕಿದ ಪುಟವನ್ನು ತಡವರಿಸದೆ ಓದುತ್ತಾರೆ. ಆದರೆ ಮುಂದೆ ವ್ಯಾಕರಣ ಕಲಿತು, ಸಾಕಷ್ಟು ಪದ ಗೊತ್ತಾದ ಮೇಲೂ ದುಬೈ ಪತ್ರಿಕೆ ತೆರೆದರೆ ಮೂರನೇ ಸಾಲಿಗೇ ನಿಲ್ಲುತ್ತಾರೆ. ಪತ್ರಿಕೆಯಲ್ಲಿ ಸ್ವರಚಿಹ್ನೆ ಇರುವುದಿಲ್ಲ. ಕಾಫ್, ತಾ, ಬಾ ಎಂಬ ಮೂರೇ ಅಕ್ಷರ ಕತಬ (ಬರೆದನು), ಕುತಿಬ (ಬರೆಯಲಾಯಿತು), ಕುತುಬ್ (ಪುಸ್ತಕಗಳು) ಯಾವುದೂ ಆಗಬಹುದು. ಯಾವುದೆಂದು ಥಟ್ಟನೆ ಹೊಳೆಯಬೇಕಾದರೆ ಸುಲಭದ್ದನ್ನೇ ರಾಶಿ ಓದಬೇಕು.

ಪುಸ್ತಕ ಆರಿಸುವಾಗ ನಡುವಿನ ಪುಟವೊಂದರಲ್ಲಿ 100 ಪದ ಎಣಿಸುತ್ತೇನೆ. ಗೊತ್ತಿಲ್ಲದವು ಎರಡಕ್ಕಿಂತ ಹೆಚ್ಚಿದ್ದರೆ ಸದ್ಯಕ್ಕೆ ಬೇಡ. ‘ವಸಯಕ್ತುಬೂನಹಾ’ (ಮತ್ತು ಅವರು ಅದನ್ನು ಬರೆಯುವರು) ಎಂಬಂಥದ್ದನ್ನು ಒಂದೇ ಪದವಾಗಿ ಕೂಡಿಸಿ ಬರೆಯುತ್ತಾರೆ. ಕತಬ ಗೊತ್ತಿದ್ದೂ ಇದು ಬಿಡಿಸಿಕೊಳ್ಳದಿದ್ದರೆ ಅದೂ ಗೊತ್ತಿಲ್ಲದ ಪದವೇ. ಅಬುಲ್ ಹಸನ್ ಅಲಿ ನದ್ವಿಯವರು ಮಕ್ಕಳಿಗಾಗಿ ಬರೆದ ‘ಕಸಸುನ್ನಬಿಯ್ಯೀನ್’ ಇಲ್ಲಿ ಅನುಕೂಲ: ಮೊದಲ ಭಾಗದಲ್ಲಿ ವಾಕ್ಯಗಳು ಚಿಕ್ಕವು, ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ.

ಒಂದೇ ಕಥೆಯನ್ನು ಎರಡು ರೂಪದಲ್ಲಿ ಓದುವುದು ನನ್ನ ಕ್ರಮ. ಮೊದಲು ಚಿಹ್ನೆಗಳೊಂದಿಗೆ, ಎರಡು ದಿನ ಬಿಟ್ಟು, ಚಿಹ್ನೆ ಅಳಿಸಿದ ಪ್ರತಿಯಲ್ಲಿ. ಕಥೆ ಕಂಪ್ಯೂಟರಿನಲ್ಲಿದ್ದರೆ ಅಳಿಸಲು ಪೈಥಾನಿನಲ್ಲಿ ಇಷ್ಟು ಸಾಕು:

```
import re
t = open("a.txt", encoding="utf-8").read()
t = re.sub("[\u064B-\u0650\u0652]", "", t)
open("b.txt", "w", encoding="utf-8").write(t)
```

ಇದು ವ್ಯಂಜನ ಇಮ್ಮಡಿಸುವ ಚಿಹ್ನೆಯಾದ ಶದ್ದವನ್ನು ಬೇಕೆಂದೇ ಉಳಿಸುತ್ತದೆ. ಅದೊಂದಿದ್ದರೆ ‘ದರಸ’ (ಓದಿದನು) ಮತ್ತು ‘ದರ್ರಸ’ (ಕಲಿಸಿದನು) ಬೇರೆಬೇರೆಯಾಗಿ ಕಾಣುತ್ತವೆ. ಹೀಗೆ ಓದುವುದು ಸಲೀಸಾದ ಮೇಲೆ `\u0651` ಸೇರಿಸಿ ಅದನ್ನೂ ತೆಗೆಯಬೇಕು.

ಎರಡನೇ ಓದು ಸರಾಗವಾಗಿದ್ದರೂ ಅದು ಬರೀ ನೆನಪಿನ ಬಲ ಇರಬಹುದು. ಪರೀಕ್ಷೆಗೆ ಅದೇ ಮಟ್ಟದ, ಓದಿರದ ಕಥೆಯ ಚಿಹ್ನೆ ಅಳಿಸಿ ಒಂದು ಪುಟ ಓದಿ, ಹತ್ತು ಕ್ರಿಯಾಪದಗಳಿಗೆ ಪೆನ್ಸಿಲಿನಲ್ಲಿ ಚಿಹ್ನೆ ಹಾಕಿ, ಮೂಲದೊಂದಿಗೆ ತಾಳೆ ನೋಡುತ್ತೇನೆ. ತಪ್ಪು ಹೆಚ್ಚಾಗಿ ಕರ್ಮಣಿ ರೂಪದಲ್ಲೇ ಸಿಗುತ್ತದೆ: ಕುತಿಬ ಇರಬೇಕಾದಲ್ಲಿ ಕಣ್ಣು ಕತಬ ಎಂದು ಓದಿಬಿಟ್ಟಿರುತ್ತದೆ. ಮುಂದೆ ಕರ್ತೃ ಎಲ್ಲೂ ಕಾಣದಿದ್ದರೆ ಅದೇ ಸುಳಿವು. ಮಕ್ತಬಿನ ಅಭ್ಯಾಸದಂತೆ ದನಿ ತೆಗೆದು ಓದುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಾಲಿಗೆ ಓಡುತ್ತದೆ, ಅರ್ಥ ಹಿಂದೆ ಉಳಿಯುತ್ತದೆ. ಮನಸ್ಸಿನಲ್ಲೇ ಓದಿ.

ನಡುವೆ ನಿಘಂಟು ಬೇಡ. ಹಾನ್ಸ್ ವೆಹ್ರ್ ನಿಘಂಟು ಧಾತುವಿನ ಕ್ರಮದಲ್ಲಿದೆ. ‘ಇತ್ತಸಲ’ (ಸಂಪರ್ಕಿಸಿದನು) ಬೇಕಿದ್ದರೆ ಅಲಿಫಿನಡಿ ಹುಡುಕಿ ಪ್ರಯೋಜನವಿಲ್ಲ, ಅದು ವಾವ್-ಸಾದ್-ಲಾಮ್ ಅಡಿಯಲ್ಲಿದೆ. ಅಷ್ಟರಲ್ಲಿ ಕಥೆಯ ಎಳೆ ತಪ್ಪಿರುತ್ತದೆ. ಗೆರೆ ಎಳೆದು ಮುಂದೆ ಹೋಗಿ, ಕಥೆ ಮುಗಿಯುವುದರೊಳಗೆ ಮೂರು ಸಲ ಎದುರಾದ ಪದವನ್ನಷ್ಟೇ ಕೊನೆಗೆ ನೋಡಿದರಾಯಿತು.

ಈ ಓದಿನಿಂದ ಬರುವುದು ಬರಹದ ಅರಬಿ, ದುಬೈ ಅಂಗಡಿಯ ಆಡುಮಾತಲ್ಲ. ಪತ್ರಿಕೆಗೆ ದಾಟುವಾಗ ಮೊದಲು ಹಿಂದಿನ ದಿನ ಟಿವಿಯಲ್ಲಿ ನೋಡಿದ ಪಂದ್ಯದ ವರದಿ ಹಿಡಿಯಿರಿ. ಯಾರು ಗೆದ್ದರೆಂದು ತಿಳಿದಿರುವುದರಿಂದ ಕ್ರಿಯಾಪದದ ಸ್ವರ ತಾನಾಗಿ ಕೂಡುತ್ತದೆ.