ಜಾಹೀರಾತಿಗೆ 9.6 ಲಕ್ಷ ಜಾಸ್ತಿ ಹೋಗಿದ್ದು ಎಲ್ಲಿ ಅಂತ ಸಾಹುಕಾರ್ರಿಗೆ ಒಪ್ಪಿಸಿದ ಬಗೆ

2024-25ರಲ್ಲಿ ನಮ್ಮ ಅಂಗಡಿಯ ಮಾರ್ಕೆಟಿಂಗ್ ಬಜೆಟ್ 24 ಲಕ್ಷ. ವರ್ಷದ ಕೊನೆಗೆ ಲೆಡ್ಜರ್ ತೋರಿಸಿದ್ದು 33.6 ಲಕ್ಷದ ಹತ್ತಿರ. ಫರ್ನಿಚರ್ ವ್ಯಾಪಾರ, ದಾವಣಗೆರೆಯಲ್ಲಿ ದೊಡ್ಡ ಶೋರೂಂ, ಹರಿಹರದಲ್ಲಿ ಸಣ್ಣದು, ಚಿತ್ರದುರ್ಗದಲ್ಲಿ ಆ ವರ್ಷವೇ ತೆರೆದ ಹೊಸದು. ಲೆಕ್ಕ ನೋಡೋದು ನಾನು. ಜಾಹೀರಾತು ನೋಡೋದು ಸಾಹುಕಾರ್ರ ತಮ್ಮನ ಮಗ. ಈ ಎರಡನೇ ವಿಷಯ ಯಾಕೆ ಹೇಳಿದೆ ಅಂದ್ರೆ, ಮನೆತನದ ಅಂಗಡಿಯಲ್ಲಿ ಲೆಕ್ಕ ಹಾಕೋದು ಸುಲಭ, ಅದನ್ನು ಎದುರಿಗಿಟ್ಟು ಹೇಳೋದೇ ಕಷ್ಟ.

ಟ್ಯಾಲಿಯ ಬಜೆಟ್ ವೇರಿಯನ್ಸ್ ರಿಪೋರ್ಟ್ ಪ್ರಿಂಟ್ ತೆಗೆದು ಕೊಟ್ಟರೆ ಸಾಕು ಅಂತ ನಮ್ಮ ಆಡಿಟರ್ ಹೇಳಿದ್ದರು. ಕೊಟ್ಟೆವು. ನಲವತ್ತು ಚಿಲ್ಲರೆ ಲೆಡ್ಜರ್ ಹೆಸರು ನೋಡಿ ಸಾಹುಕಾರ್ರು ಕನ್ನಡಕ ತೆಗೆದು ಕಾಗದ ವಾಪಸ್ ತಳ್ಳಿದರು. ಆಮೇಲೆ ಎಕ್ಸೆಲ್‌ನಲ್ಲಿ ಶೇಕಡಾವಾರು ಹಾಕಿ, 10% ದಾಟಿದ್ದಕ್ಕೆಲ್ಲ ಕೆಂಪು ಬಣ್ಣ ಬಳಿದು ಕೊಟ್ಟೆವು. ಅದು ಇನ್ನೂ ಕೆಟ್ಟದಾಯ್ತು. ಪಾಂಪ್ಲೆಟ್ 60% ಜಾಸ್ತಿ ಅಂತ ಕೆಂಪಗೆ ಕಂಡಿತು, ದುಡ್ಡಿನ ಲೆಕ್ಕದಲ್ಲಿ ಅದು ಒಂಬತ್ತು ಸಾವಿರ ಅಷ್ಟೇ. ಅದರ ಮೇಲೇ ಅರ್ಧ ಗಂಟೆ ಪಂಚಾಯ್ತಿ. ಲಕ್ಷಗಟ್ಟಲೆ ಹೋದ ಸಾಲು ಕೆಳಗೆ ಸುಮ್ನೆ ಕೂತಿತ್ತು. ಆವತ್ತಿನಿಂದ ನನ್ನ ನಿಯಮ ಒಂದೇ: 50 ಸಾವಿರವನ್ನೂ ದಾಟಬೇಕು, 10% ಕೂಡ ದಾಟಬೇಕು, ಎರಡೂ ಇದ್ದರೆ ಮಾತ್ರ ಆ ಸಾಲು ಶೀಟಿಗೆ ಬರುತ್ತೆ.

ಎಷ್ಟು ಹೆಚ್ಚಾಯ್ತು, ಯಾವ ಊರಿನ ಕಡೆ ತಿರುಗಿತು, ತಲಾ ರೇಟು ಎಷ್ಟು ಏರಿತು, ಅಂದ್ರೆ ವಾಲ್ಯೂಮ್, ಮಿಕ್ಸ್, ರೇಟ್ ಅಂತ ಒಡೆದು ತೋರಿಸೋಣ ಅಂದಾಗ ಆಡಿಟರ್ ನಕ್ಕರು. "ಅದೆಲ್ಲ ಫ್ಯಾಕ್ಟರಿಗೆ ಮಾರಾಯಾ, ಸೋಫಾ ಅಂಗಡಿಗೆ ಯಾಕೆ" ಅಂದರು. ಈಗ ತಮ್ಮ ಬೇರೆ ಪಾರ್ಟಿಗಳಿಗೆ ಅದೇ ಶೀಟು ಕೇಳ್ತಿದ್ದಾರೆ, ಇರಲಿ.

ಒಡೆಯೋಕೆ ಮುಂಚೆ ಕಸ ತೆಗೆಯಬೇಕು. 9.6 ಲಕ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜವಾಗಿ ದುಂದು ಮಾಡಿದ್ದಲ್ಲವೇ ಅಲ್ಲ.

ಮೊದಲನೆಯದು ಜಿಎಸ್‌ಟಿ. ಬಜೆಟ್ ಹಾಕಿದ್ದು ತೆರಿಗೆ ಬಿಟ್ಟು. ಆದರೆ ಹೋರ್ಡಿಂಗ್ ಮತ್ತು ಏಜೆನ್ಸಿ ಬಿಲ್ಲುಗಳನ್ನು ನಮ್ಮ ಅಕೌಂಟ್ಸ್ ಹುಡುಗ 18% ಸೇರಿಸಿ ಪೂರ್ತಿ ಖರ್ಚಿಗೇ ಬರೆದಿದ್ದ. ಸುಮಾರು 1.3 ಲಕ್ಷ. ಬಿಲ್ಲುಗಳೆಲ್ಲ ನಮ್ಮ ನಂಬರಿನಲ್ಲೇ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಬಂದಿದ್ದವು, ನವೆಂಬರ್ 30ರ ಗಡುವು ಇನ್ನೂ ದೂರ ಇತ್ತು, ಹಾಗಾಗಿ ಕ್ರೆಡಿಟ್ ತಗೊಂಡೆವು. ಆ ದುಡ್ಡು ವಾಪಸ್ ಬಂತು ಅಂತಲೇ ಇಟ್ಕೊಳ್ಳಿ. ಇನ್ನೊಂದು 60 ಸಾವಿರ ಮಾತ್ರ ಹೋಗಿದ್ದೇ. ಚಿತ್ರದುರ್ಗಕ್ಕೆ ಅಂತ ಏಜೆನ್ಸಿಯವರು ಬೇರೆ ಆ್ಯಡ್ ಅಕೌಂಟ್ ತೆರೆದಿದ್ದರು, ಅದರಲ್ಲಿ ನಮ್ಮ ಜಿಎಸ್‌ಟಿ ನಂಬರ್ ಹಾಕಿರಲಿಲ್ಲ. ಆರೇಳು ತಿಂಗಳ ಇನ್‌ವಾಯ್ಸ್ ನಂಬರ್ ಇಲ್ಲದೆ ಬಂದಿದೆ, 2ಬಿಗೆ ಬರಲೇ ಇಲ್ಲ. ನಿಮ್ಮಲ್ಲೂ ಹೊಸ ಬ್ರಾಂಚ್ ಇದ್ದರೆ ಆ ಅಕೌಂಟಿನ ಬಿಲ್ಲಿಂಗ್ ಸೆಟ್ಟಿಂಗ್ ಇವತ್ತೇ ತೆಗೆದು ನೋಡಿ.

ಎರಡನೆಯದು ಕಂಪನಿ ಪಾಲು. ಹಾಸಿಗೆ ಕಂಪನಿಯವರು ತಮ್ಮ ಹೆಸರಿರೋ ಹೋರ್ಡಿಂಗಿಗೆ ಅರ್ಧ ದುಡ್ಡು ಕ್ರೆಡಿಟ್ ನೋಟ್‌ನಲ್ಲಿ ಕೊಡ್ತಾರೆ. ಆ ನೋಟುಗಳೆಲ್ಲ ಖರೀದಿ ಡಿಸ್ಕೌಂಟಿಗೆ ಹೋಗಿ ಕೂತಿದ್ದವು. ಖರ್ಚು ಜಾಹೀರಾತಿನಲ್ಲಿ, ಅದರ ವಾಪಸಾತಿ ಖರೀದಿಯಲ್ಲಿ. ಮಾರ್ಕೆಟಿಂಗ್ ಹುಡುಗನಿಗೆ ಬೈಗುಳ, ಖರೀದಿ ನೋಡೋರಿಗೆ ಶಭಾಷ್. ಒಂದು ಲಕ್ಷದ ಹತ್ತಿರ ಈ ಕಡೆ ತಂದೆವು.

ಮೂರನೆಯದನ್ನು ಕಂಡುಹಿಡಿದಿದ್ದು ನಾನೇ, ಸ್ವಲ್ಪ ಜಂಬ ಇದೆ. ಆ ವರ್ಷಕ್ಕೆ ಎರಡು ಯುಗಾದಿ! 2024ರ ಯುಗಾದಿ ಏಪ್ರಿಲ್ 9ಕ್ಕೆ ಬಂತು, 2025ರದ್ದು ಮಾರ್ಚ್ 30ಕ್ಕೆ. ಎರಡೂ ಒಂದೇ ಹಣಕಾಸು ವರ್ಷದೊಳಗೆ. ಬಜೆಟ್‌ನಲ್ಲಿ ಇದ್ದದ್ದು ಒಂದೇ ಯುಗಾದಿ. ಮಾರ್ಚಿನ ಹಬ್ಬಕ್ಕೆ ಪೇಪರ್, ಆಟೋ ಹಿಂದಿನ ಬ್ಯಾನರ್, ಆನ್‌ಲೈನ್ ಎಲ್ಲ ಸೇರಿ 2.4 ಲಕ್ಷ ಆಗಿತ್ತು. ಹಬ್ಬದ ಮಾರಾಟವೂ ಅದೇ ಮಾರ್ಚಿನಲ್ಲಿ ಬಂದಿತ್ತು, ಆದರೆ ಮಾರಾಟ ಜಾಸ್ತಿ ಆದಾಗ ಯಾರೂ ಕಾರಣ ಕೇಳಲ್ಲ ಅಲ್ವಾ. ಇಲ್ಲೊಂದು ಎಚ್ಚರ: ಹಬ್ಬದ ಆನ್‌ಲೈನ್ ಖರ್ಚನ್ನು ಇಲ್ಲಿ ತೆಗೆದ ಮೇಲೆ, ಮುಂದೆ ಎನ್ಕ್ವೈರಿ ಲೆಕ್ಕ ಹಾಕುವಾಗ ಆ ಎನ್ಕ್ವೈರಿಗಳನ್ನೂ ತೆಗೆಯಬೇಕು. ಇಲ್ಲದಿದ್ದರೆ ಒಂದೇ ದುಡ್ಡು ಎರಡು ಕಡೆ ಬಂದು, ಕೊನೆಗೆ ಕೂಡಿದರೆ ಮೊತ್ತ ತಾಳೆಯಾಗಲ್ಲ.

ಅಲ್ಲಿಗೆ 5.3 ಲಕ್ಷ ಪಕ್ಕಕ್ಕೆ. ಉಳಿದದ್ದು 4.35 ಲಕ್ಷ, ಪೂರ್ತಿ ಆನ್‌ಲೈನ್ ಎನ್ಕ್ವೈರಿಯದು. (ಕೂಡಿದರೆ 9.65 ಬರುತ್ತೆ, ಪೇಪರ್ ಜಾಹೀರಾತಿನ ಬಜೆಟ್‌ನಲ್ಲಿ ಐದು ಸಾವಿರ ಉಳಿದಿತ್ತು.)

ವಾಟ್ಸಾಪ್‌ಗೆ ಬರೋ ಒಂದು ಎನ್ಕ್ವೈರಿಯನ್ನೇ ಯೂನಿಟ್ ಮಾಡಿಕೊಂಡೆ. ಬಜೆಟ್ ಪ್ರಕಾರ ದಾವಣಗೆರೆ ಮತ್ತು ಹರಿಹರ ಸೇರಿ 5,000 ಎನ್ಕ್ವೈರಿ, ತಲಾ ₹110. ಚಿತ್ರದುರ್ಗ 1,000, ತಲಾ ₹170. ಒಟ್ಟು 7.2 ಲಕ್ಷ, ಸರಾಸರಿ ₹120. ಆಗಿದ್ದು ಬೇರೆ. ದಾವಣಗೆರೆ ಕಡೆ 4,000, ತಲಾ ₹120. ಚಿತ್ರದುರ್ಗ 3,000, ತಲಾ ₹225. ಒಟ್ಟು 11.55 ಲಕ್ಷ. ಓದೋರಿಗೆ ಸುಲಭ ಆಗಲಿ ಅಂತ ದುಂಡು ಮಾಡಿದ್ದೀನಿ, ನೆನಪಿನಿಂದ ಬರೀತಿದ್ದೀನಿ ಬೇರೆ.

ಬಿ ಕಾಲಂ ಬಜೆಟ್ ಎನ್ಕ್ವೈರಿ, ಸಿ ಆಗಿದ್ದು, ಡಿ ಬಜೆಟ್ ರೇಟು, ಇ ಆದ ರೇಟು. ಎರಡೇ ಸಾಲು. ಕೆಳಗಿನವು ಕ್ರಮವಾಗಿ ವಾಲ್ಯೂಮ್, ಮಿಕ್ಸ್, ರೇಟ್:

```
=(SUM(C2:C3)-SUM(B2:B3))*SUMPRODUCT(B2:B3,D2:D3)/SUM(B2:B3)
=SUMPRODUCT(C2:C3,D2:D3)-SUM(C2:C3)*SUMPRODUCT(B2:B3,D2:D3)/SUM(B2:B3)
=SUMPRODUCT(C2:C3,E2:E3-D2:D3)
```

1.2 ಲಕ್ಷ, 1.1 ಲಕ್ಷ, 2.05 ಲಕ್ಷ. ಕೂಡಿದರೆ 4.35.

ಮಿಕ್ಸ್ ತೆಗೆಯದೆ ಬರೀ ರೇಟ್ ಅಂತ ತೋರಿಸಿದ್ದರೆ 3.15 ಲಕ್ಷ ಆಗ್ತಿತ್ತು. ಎನ್ಕ್ವೈರಿ ₹120ರಿಂದ ₹165ಕ್ಕೆ ಏರಿದೆ, ಹುಡುಗನಿಗೆ ಕೆಲಸ ಬರಲ್ಲ, ಏಜೆನ್ಸಿ ಬದಲಾಯಿಸಿ, ಅಲ್ಲಿಗೆ ಕಥೆ ಮುಗೀತಿತ್ತು. ನಿಜ ಏನಪ್ಪಾ ಅಂದ್ರೆ ದಾವಣಗೆರೆಯಲ್ಲಿ ರೇಟು ಏರಿದ್ದು ಹತ್ತೇ ರೂಪಾಯಿ, ಅದು ದಸರಾ-ದೀಪಾವಳಿ ಹೊತ್ತಿಗೆ ಎಲ್ಲರೂ ಆ್ಯಡ್ ಹಾಕೋದರಿಂದ ಆಗೇ ಆಗುತ್ತೆ. ಜಾಸ್ತಿ ದುಡ್ಡು ಹೋಗಿದ್ದು ದುಬಾರಿ ಊರಿಗೆ ಹೆಚ್ಚು ತಿರುಗಿಸಿದ್ದರಿಂದ. ಆ ದುಬಾರಿ ಊರಿನಲ್ಲೂ ತಲಾ ₹55 ಮೇಲೆ ಹೋಗಿದೆ, ಅದೊಂದೇ 1.65 ಲಕ್ಷ. ದಿನದ ರಿಪೋರ್ಟ್ ತೆಗೆದು ನೋಡಿದರೆ ಕಾರಣ ಸಿಕ್ಕಿತು. ಚಿತ್ರದುರ್ಗದ ದಿನದ ಮಿತಿಯನ್ನು ಒಂದೇ ಸಲ ಮೂರು ಪಟ್ಟು ಮಾಡಿದ್ದಾರೆ, ಊರಿನ ಗಾತ್ರ ಅಷ್ಟಿಲ್ಲ. ಅದೇ ಜನಕ್ಕೆ ಅದೇ ಸೋಫಾ ಮತ್ತೆ ಮತ್ತೆ ಕಾಣ್ತಿತ್ತು. ಫ್ರೀಕ್ವೆನ್ಸಿ ಏರಿದ ವಾರದಿಂದಲೇ ರೇಟು ಏರಿದೆ.

ಈಗ ಕಷ್ಟದ ಭಾಗ. ಚಿತ್ರದುರ್ಗಕ್ಕೆ ಜೋರಾಗಿ ಹಾಕಿ ಅಂತ ಹೇಳಿದ್ದು ಯಾರು? ಸಾಹುಕಾರ್ರೇ. ಅದನ್ನು ಬಾಯಲ್ಲಿ ಹೇಳೋಕಾಗುತ್ತಾ? ಅದಕ್ಕೆ ಶೀಟಿಗೆ ಒಂದು ಕಾಲಂ ಸೇರಿಸಿದೆ, "ಯಾರ ತೀರ್ಮಾನ" ಅಂತ. ಪ್ರತಿ ಸಾಲಿಗೆ ತಾರೀಕು, ವಾಟ್ಸಾಪ್ ಮೆಸೇಜೋ ಮೀಟಿಂಗೋ ಅಷ್ಟೇ ಬರೆದೆ, ಹೆಸರಿಲ್ಲ. ಜಿಎಸ್‌ಟಿಗೆ "ಅಕೌಂಟ್ಸ್", ಯುಗಾದಿಗೆ "ಪಂಚಾಂಗ", ಮಿಕ್ಸ್‌ಗೆ "ಜುಲೈ ಮೀಟಿಂಗ್", ₹55ಕ್ಕೆ "ಏಜೆನ್ಸಿ". ಸಾಹುಕಾರ್ರು ಜುಲೈ ಮೀಟಿಂಗ್ ಸಾಲಿಗೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದರು, ನಕ್ಕರು. "ಇದು ನಂದೇ ಬಿಡಪ್ಪ, ಮುಂದಕ್ಕೆ ಹೋಗು" ಅಂದರು. ಅವರು ತಮ್ಮನ ಮಗನ ಮೇಲೆ ಕೂಗಾಡದೆ ಮುಗಿದ ಮೊದಲ ಲೆಕ್ಕದ ಮೀಟಿಂಗ್ ಅದು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದ್ದೆ. ಮಾರಾಟ 8 ಕೋಟಿಗೆ 24 ಲಕ್ಷ ಅಂದ್ರೆ 3%. ಮಾರಾಟ 9.4 ಕೋಟಿ ಆಯ್ತು, ಹಾಗಾದರೆ 28.2 ಲಕ್ಷ ಖರ್ಚು ಮಾಡಬಹುದಿತ್ತು ಅಂತ ಹುಡುಗನ ವಾದ. ಫ್ಲೆಕ್ಸಿಬಲ್ ಬಜೆಟ್ ಅಂತ ಹಾಕಿ ನೋಡಿದೆ, ಶೀಟು ಚೆನ್ನಾಗೇ ಕಾಣ್ತು. ಆದರೂ ಬಿಟ್ಟೆ. ಮರದ ಖರ್ಚಿಗೆ, ಡೆಲಿವರಿ ಖರ್ಚಿಗೆ ಅದು ಸರಿ, ಮಾರಾಟ ಆದ್ರೆ ಅವು ಆಗಲೇಬೇಕು. ಜಾಹೀರಾತು ಹಾಗಲ್ಲ, ಅದು ಮಾರಾಟಕ್ಕೆ ಮುಂಚೆ ನಾವೇ ಮಾಡೋ ತೀರ್ಮಾನ. ಮಾರಾಟ ಏರಿತು ಅಂತ ಖರ್ಚನ್ನು ಮಾಫಿ ಮಾಡ್ತಾ ಹೋದರೆ ಎರಡನೇ ಯುಗಾದಿ ತಂದ ಮಾರಾಟದ ಹಿಂದೆ ಆ ₹55 ಅಡಗಿಕೊಳ್ಳುತ್ತೆ.

ಸಾಹುಕಾರ್ರು ಕೊನೆಗೆ ಕೇಳಿದ್ದು ಒಂದೇ: "ಆ 225 ರೂಪಾಯಿ ಗಿಟ್ಟುತ್ತಾ?" ಇದಕ್ಕೆ ಉತ್ತರ ರೆಡಿ ಇಟ್ಕೊಂಡೇ ಹೋಗಿದ್ದೆ. ಎನ್ಕ್ವೈರಿಯ ಫೋನ್ ನಂಬರನ್ನು ಬಿಲ್ಲಿನ ನಂಬರಿಗೆ ಹೊಂದಿಸಿದೆ. ಗಂಡ ವಿಚಾರಿಸ್ತಾನೆ, ಬಿಲ್ಲು ಹೆಂಡತಿ ನಂಬರಿಗೆ ಹೋಗುತ್ತೆ, ಮೂರ್ನಾಲ್ಕು ವಾರ ಆದಮೇಲೆ ಬರ್ತಾರೆ, ಸೋಫಾ ಯಾರೂ ಅವತ್ತೇ ತಗೊಳ್ಳಲ್ಲ. ಅಂಥವನ್ನು ಹೇಗೆ ಹಿಡಿಯೋದು ಅನ್ನೋದು ನನ್ನ ಅನ್ನದ ವಿಷಯ, ಇಲ್ಲಿ ಬರೆಯಲ್ಲ. ದಾವಣಗೆರೆಯಲ್ಲಿ ನೂರಕ್ಕೆ ಎಂಟು ಬಿಲ್ಲು, ಅಂದ್ರೆ ಒಂದು ಬಿಲ್ಲಿಗೆ ₹1,500 ಜಾಹೀರಾತು. ಚಿತ್ರದುರ್ಗದಲ್ಲಿ ನೂರಕ್ಕೆ ಐದು, ಬಿಲ್ಲಿಗೆ ₹4,500. ಸರಾಸರಿ ಬಿಲ್ಲು 38 ಸಾವಿರ, ಗ್ರಾಸ್ ಮಾರ್ಜಿನ್ ಎಂಟು ಸಾವಿರದ ಆಸುಪಾಸು. ಗಿಟ್ಟುತ್ತೆ, ಆದರೆ ಉಳಿದ ಮೂರೂವರೆ ಸಾವಿರದಲ್ಲಿ ಬಾಡಿಗೆ, ಸಂಬಳ, ಡೆಲಿವರಿ ಎಲ್ಲ ಆಗಬೇಕು. ನಿಲ್ಲಿಸೋದು ಬೇಡ, ₹180 ದಾಟಿದ ದಿನ ಮಿತಿ ಇಳಿಸಿ ಅಂದರು. ಏಜೆನ್ಸಿಗೆ ಅದನ್ನೇ ಬರೆದು ಕಳಿಸಿದೆವು.

ಪಂಚಾಂಗದ ಸಾಲು ಮಾತ್ರ ಈಗ ಬಜೆಟ್ ಶೀಟಿನಲ್ಲಿ ಖಾಯಂ. 2025-26ರಲ್ಲಿ ಯುಗಾದಿ ಒಂದೇ, ಮಾರ್ಚ್ 19ಕ್ಕೆ. 2026-27 ನೋಡಿ, ಮೇ 17ರಿಂದ ಜೂನ್ 15ರವರೆಗೆ ಅಧಿಕ ಮಾಸ. ಆ ತಿಂಗಳಲ್ಲಿ ಮದುವೆ, ಗೃಹಪ್ರವೇಶ ಇಲ್ಲ, ಮಂಚ ಕೇಳೋರು ಕಮ್ಮಿ. ಮುಂದಿನ ಯುಗಾದಿ 2027ರ ಏಪ್ರಿಲ್ 7ಕ್ಕೆ, ಅಂದ್ರೆ ಆ ವರ್ಷದೊಳಗೆ ಯುಗಾದಿಯೇ ಇಲ್ಲ. ಆದರೆ ಹೋರ್ಡಿಂಗ್ ಬುಕ್ಕಿಂಗ್, ಮೊದಲ ವಾರದ ಆ್ಯಡ್ ಎಲ್ಲ ಮಾರ್ಚ್ ಕೊನೆಗೇ ಶುರುವಾಗುತ್ತೆ. ಮಾರಾಟ ಬರೋದು ಮುಂದಿನ ವರ್ಷಕ್ಕೆ. ಅದಕ್ಕೆ ಅಂತ ಮಾರ್ಚಿನಲ್ಲಿ 80 ಸಾವಿರ ಬೇರೆ ಸಾಲಿನಲ್ಲಿ ಇಟ್ಟು, ಸಾಹುಕಾರ್ರ ಸಹಿ ಹಾಕಿಸಿಕೊಂಡಿದ್ದೀನಿ.